ಬಕೆಟ್ ಬೋರಲು ಹಾಕಿ, ಅಂಚು ಒರೆಸಿ

ಡೆಂಗಿ ತಡೆಗೆ ಮನೆಯಲ್ಲಿ ಮಾಡಬೇಕಾದ ಐದು ಕೆಲಸಗಳನ್ನು ಸಿಂಗಪುರದ ರಾಷ್ಟ್ರೀಯ ಪರಿಸರ ಸಂಸ್ಥೆ ‘ಬ್ಲಾಕ್’ ಎಂಬ ಇಂಗ್ಲಿಷ್ ಪದದ ಐದು ಅಕ್ಷರಗಳಿಗೆ ಹೊಂದಿಸಿದೆ. ಕುಂಡದ ಗಟ್ಟಿ ಮಣ್ಣನ್ನು ಸಡಿಲಿಸುವುದು, ಕುಂಡದಡಿಯ ತಟ್ಟೆಯ ನೀರು ಚೆಲ್ಲುವುದು, ಬಕೆಟ್ ಬೋರಲು ಹಾಕಿ ಅಂಚು ಒರೆಸುವುದು, ಹೂದಾನಿಯ ನೀರು ಬದಲಿಸುವುದು, ಛಾವಣಿಯ ನೀರ್ದೋಣಿಯಲ್ಲಿ ಕಸ ಕಟ್ಟದಂತೆ ನೋಡಿಕೊಂಡು ಬಿಟಿಐ ಹಾಕುವುದು. ಅಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು ಊರಿಂದ ಬಂದ ತಾಯಿಗಾಗಿ ಇಂಥ ಪೋಸ್ಟರಿನ ಫೋಟೊ ತೆಗೆದು ಕನ್ನಡಕ್ಕೆ ತರುತ್ತಾರೆ ಎಂದುಕೊಳ್ಳೋಣ.

ಎಡವುವುದು ಫೋಟೊದಲ್ಲೇ. ಗಾಜಿನ ಹಿಂದಿನ ಪೋಸ್ಟರಿಗೆ ಫ್ಲ್ಯಾಶ್ ಬಿದ್ದರೆ ಸಾಲಿನ ತುದಿ ಬೆಳ್ಳಗಾಗಿ ಹೋಗುತ್ತದೆ. ಮೂರನೇ ಸಾಲಿನಲ್ಲಿ ಅಂಚು ಒರೆಸುವ ಮಾತಿರುವುದು ತುದಿಯಲ್ಲೇ. ಅದು ಅಳಿಸಿದರೂ ‘ಬಕೆಟ್ ಬೋರಲು ಹಾಕಿ’ ಎಂಬಷ್ಟು ಪೂರ್ಣ ವಾಕ್ಯದಂತೆಯೇ ಕಾಣುವುದರಿಂದ, ಏನೋ ಬಿಟ್ಟುಹೋಗಿದೆ ಎಂಬ ಅನುಮಾನವೇ ಬರುವುದಿಲ್ಲ. ಫ್ಲ್ಯಾಶ್ ಆರಿಸಿ, ಇಡೀ ಪೋಸ್ಟರಿನದೊಂದು, ಅಕ್ಷರಗಳ ಹತ್ತಿರದಿಂದ ಇನ್ನೊಂದು ಫೋಟೊ ತೆಗೆದುಕೊಂಡರೆ ಎರಡನ್ನೂ ಹೋಲಿಸಿ ನೋಡಬಹುದು.

ಆ ತುಣುಕು ಕಳೆದುಹೋಗಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಅವು ಅಲ್ಲೇ ಉಳಿಯುತ್ತವೆ. ಒಣಗಿದ ಸ್ಥಿತಿಯಲ್ಲೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತಾಗಿದಾಗ ಒಡೆದು ಮರಿಯಾಗುತ್ತವೆ. ಸಾಲು ಚಿಕ್ಕದಾಗಲೆಂದು ‘ನೀರು ನಿಲ್ಲದಂತೆ ನೋಡಿಕೊಳ್ಳಿ’ ಎಂದು ಬರೆದುಬಿಟ್ಟರೆ ಒರೆಸುವ ಕೆಲಸ ಯಾರಿಗೂ ಹೊಳೆಯುವುದಿಲ್ಲ.

‘ಬ್ಲಾಕ್’ ಅಕ್ಷರಗಳ ಆಟವನ್ನು ಮಾತ್ರ ಧಾರಾಳವಾಗಿ ಕೈಬಿಡಬಹುದು. ಅದಕ್ಕೆ ಸಾಟಿಯಾದ ಕನ್ನಡ ಪದ ಹುಡುಕುತ್ತ ಕುಳಿತರೆ ಸಲಹೆಯೇ ತಿರುಚಿಹೋಗುತ್ತದೆ. ಕನ್ನಡದಲ್ಲಿ ವಸ್ತು ಮೊದಲು, ಕೆಲಸ ಕೊನೆಗೆ ಬರುವುದೇ ಇಲ್ಲಿ ಅನುಕೂಲ: ‘ಕುಂಡದ ತಟ್ಟೆ: ಎತ್ತಿ, ನೀರು ಚೆಲ್ಲಿ.’ ಓದುವವರ ಕಣ್ಣು ಮೊದಲು ತಟ್ಟೆಯನ್ನು ಹುಡುಕುತ್ತದೆ. ‘ಚೆಲ್ಲತಕ್ಕದ್ದು’, ‘ತೆರವುಗೊಳಿಸುವುದು’ ಎಂಬ ಕಚೇರಿ ಭಾಷೆಯ ಹಂಗಿಲ್ಲ.

ಐದನೇ ಸಾಲನ್ನು ಹೀಗೆ ಮೊಟಕು ಮಾಡುವಂತಿಲ್ಲ. ಬಿಟಿಐ ಎನ್ನುವುದು ಸೊಳ್ಳೆಮರಿಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದಿಂದ ತಯಾರಾದ ಔಷಧ. ಬರೀ ‘ಕೀಟನಾಶಕ ಹಾಕಿ’ ಎಂದು ಬರೆದರೆ ಗಿಡಗಳಿಗೆ ಹೊಡೆಯುವ ವಿಷವನ್ನೇ ಸುರಿದುಬಿಡುವ ಅಪಾಯವಿದೆ. ಹೆಸರು ಹಾಗೇ ಇರಲಿ, ಪ್ರಮಾಣಕ್ಕೆ ಪೊಟ್ಟಣದ ಮೇಲಿನ ಸೂಚನೆ ನೋಡಿ ಎಂದು ಸೇರಿಸಿದರಾಯಿತು.

ಇದೇ ಅನುವಾದ ವಾಟ್ಸಾಪಿನಲ್ಲಿ ಊರಿಗೆ ಹೋದರೆ ಇನ್ನೊಂದು ತೊಡಕು. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಮನೆಯಲ್ಲಿ ತುಂಬಿದ ಡ್ರಮ್ಮನ್ನು ಬೋರಲು ಹಾಕೆಂದರೆ ಯಾರು ಕೇಳುತ್ತಾರೆ? ಅಲ್ಲಿಗೆ ಬೇಕಾದದ್ದು ಬೇರೆ ಸಾಲು: ‘ಡ್ರಮ್ಮು: ಬಿಗಿಯಾಗಿ ಮುಚ್ಚಿ. ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆ ಉಜ್ಜಿ ತೊಳೆಯಿರಿ.’ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರದ ಲೆಕ್ಕ ಅದರಿಂದ ಬಂದದ್ದು. ಇದು ಮೂಲ ಪೋಸ್ಟರಿನಲ್ಲಿಲ್ಲ, ಆದ್ದರಿಂದ ಐದು ಸಾಲುಗಳ ಕೆಳಗೆ ಗೆರೆ ಎಳೆದು ‘ಊರಿನ ಮನೆಗಳಿಗೆ’ ಎಂದು ಬೇರೆಯಾಗಿಯೇ ಬರೆಯಬೇಕು.