ಒಂದು ರಾತ್ರಿಗೆ ನೂರೈವತ್ತು

ದರಿಬಡಚಿಯ ಮಧ್ಯಾಹ್ನ. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಓಣಿಯ ಆ ತುದಿಯಿಂದ ಹಿಟ್ಟಿನ ಗಿರಣಿಯ ಸದ್ದು. ಒಳಕೋಣೆಯ ಕಿಟಕಿಗೆ ಅವ್ವ ಕೌದಿ ಕಟ್ಟಿದ್ದಾಳೆ. ಮಗ ಮುಖಕ್ಕೆ ಟವೆಲ್ ಹಾಕಿಕೊಂಡು ಬಿದ್ದಿದ್ದಾನೆ. ನಿದ್ದೆ ಮಾತ್ರ ಬಂದಿಲ್ಲ. "ಎರಡು ದಿನ ಆತು ಬಂದು, ರಾತ್ರಿ ಅಂಗಳದಾಗ ಅಡ್ಡಾಡತಾನ, ಹಗಲು ಹಿಂಗ ಹೊರಳಾಡತಾನ" ಎನ್ನುತ್ತಾಳೆ ಅವ್ವ.

ಹುಡುಗ ಪುಣೆಯ ಕಾಲ್‌ಸೆಂಟರಿನವನು. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತಾದಾಗ ಇವನ ಹೆಡ್‌ಫೋನು ಕಿವಿಗೇರಬೇಕು. ಚಳಿಗಾಲದಲ್ಲಿ ಅದು ನಮ್ಮ ಸಂಜೆ ಏಳೂವರೆ. ಪಾಳಿ ಮುಗಿಯುವುದು ನಸುಕಿನ ನಾಲ್ಕೂವರೆಗೆ. ಮಾರ್ಚಿನಲ್ಲಿ ಅಮೆರಿಕದವರು ಗಡಿಯಾರ ಮುಂದಿಟ್ಟರೆ ಇವನ ದಿನವೂ ಒಂದು ತಾಸು ಹಿಂದೆ ಸರಿಯುತ್ತದೆ.

ಈಗ ಇನ್ನೊಂದು ಕಂಪನಿಯಿಂದ ಕರೆ ಬಂದಿದೆ. ಕನ್ನಡ, ಮರಾಠಿ ಎರಡನ್ನೂ ಸಲೀಸಾಗಿ ಆಡುವವರು ಬೇಕಂತೆ. ನಮ್ಮ ಜತ್ ತಾಲ್ಲೂಕಿನ ಹುಡುಗರಿಗೆ ಅದು ಹುಟ್ಟಿನಿಂದಲೇ ಬಂದದ್ದು. ಆದರೆ ಸಂಬಳ ಕಡಿಮೆ, ಪಾಳಿ ವಾರವಾರ ಬದಲು. ವರ್ಷಗಟ್ಟಲೆ ಇಂಥ ಕಚೇರಿಗಳಲ್ಲಿ ರೋಸ್ಟರ್ ಹಾಕಿದವನೆಂದು ನನ್ನ ಮುಂದೆ ಮೊಬೈಲ್ ಹಿಡಿದ.

"ಇಲ್ಲಿ ಇಪ್ಪತ್ತೆಂಟು ಸಾವಿರ ಐತಿ ಕಾಕಾ. ಅಲ್ಲಿ ಕೈಗೆ ಬರೇ ಹದಿನೇಳು ಸಾವಿರದ ಇನ್ನೂರು."

"ಇಪ್ಪತ್ತೆಂಟು ಕೈಗೆ ಬರ್ತಾವೇನು?"

ಪೇಸ್ಲಿಪ್ ತೆಗೆದೆವು. 28,000 ಎಂಬುದು ಕಂಪನಿ ಅವನಿಗಾಗಿ ಮಾಡುವ ಒಟ್ಟು ಖರ್ಚು. ಅದರಲ್ಲಿ ಕಂಪನಿಯ ಪಾಲಿನ ಪಿಎಫ್ 1,800, ಗ್ರಾಚ್ಯುಟಿಗೆ ಎತ್ತಿಟ್ಟ 720, ಗುರಿ ಮುಟ್ಟಿದರೆ ಮಾತ್ರ ಸಿಗುವ ಇನ್ಸೆಂಟಿವ್ 3,000. ಇವನ್ನು ತೆಗೆದರೆ 22,480. ಅದರಲ್ಲಿ ತನ್ನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ ಕೈಗೆ 20,480. ಈ ಹಣದೊಳಗೇ ರಾತ್ರಿ ಭತ್ಯೆ ಕೂತಿದೆ: ಒಂದು ರಾತ್ರಿಗೆ 150ರಂತೆ 22 ರಾತ್ರಿಗೆ 3,300. ಎರಡು ನೌಕರಿಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ. ರಜೆ ಹಾಕಿದ ರಾತ್ರಿಗೆ ಆ 150 ಇಲ್ಲ.

ಒಂದು ಸಣ್ಣ ಗಂಟು ಬೇರೆ ಇತ್ತು. ಇಎಸ್‌ಐ ಮಿತಿ ತಿಂಗಳಿಗೆ 21,000. ಭತ್ಯೆ ಕೂಡಿ ಇವನು ಆ ಗೆರೆ ದಾಟಿದ್ದ. ಹೊಸ ನೌಕರಿ ಗೆರೆಯ ಒಳಗಿದೆ. ಇವನನ್ನೇ ನಂಬಿರುವ ಅಪ್ಪ-ಅವ್ವನ ಔಷಧೋಪಚಾರಕ್ಕೂ ಇಎಸ್‌ಐ ಬರುತ್ತದೆ. ಕಂಪನಿಯ ವಿಮೆಯಲ್ಲಿ ತಂದೆತಾಯಿ ಇದ್ದಾರೋ ಎಂದು ಕೇಳಿದೆ. ಇರಲಿಲ್ಲ.

ಮೈಯ ಲೆಕ್ಕ ಪೇಸ್ಲಿಪ್ಪಿನಲ್ಲಿ ಬರುವುದಿಲ್ಲ. ನಸುಕಿನ ನಾಲ್ಕರ ಸುಮಾರಿಗೆ ದೇಹದ ಕಾವು ದಿನದಲ್ಲೇ ಅತಿ ಕೆಳಗಿಳಿಯುತ್ತದೆ. ತೂಕಡಿಕೆ, ತಪ್ಪು ಎರಡೂ ಹೆಚ್ಚುವ ವೇಳೆ ಅದು. ಅದೇ ವೇಳೆಗೆ ಉಂಡ ಅನ್ನದ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ದೇಹ ಸಂಭಾಳಿಸದು. ರಾತ್ರಿ ಪಾಳಿಯ ಕೆಲಸ ಬಹುಶಃ ಕ್ಯಾನ್ಸರಿಗೆ ಕಾರಣವಾದೀತೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ಹೇಳಿತು. 2019ರಲ್ಲಿ ಮತ್ತೆ ಪರಿಶೀಲಿಸಿದಾಗಲೂ ಆ ಮಾತನ್ನು ಉಳಿಸಿಕೊಂಡಿತು. ರೂಢಿಯಾದರೆ ಸರಿಹೋಗುತ್ತದೆ ಎಂಬ ಮಾತಿಗೂ ಒಂದು ಷರತ್ತಿದೆ: ವಾರದ ರಜೆಯಲ್ಲೂ ರಾತ್ರಿ ಎಚ್ಚರ, ಹಗಲು ನಿದ್ದೆ ಇರಬೇಕು. ದಾನಮ್ಮನ ಜಾತ್ರೆಗೆ, ಅಕ್ಕನ ಮನೆಯ ಕಾರ್ಯಕ್ಕೆ ಊರಿಗೆ ಓಡಿಬರುವವನಿಂದ ಅದು ಆಗದು. ಮೈ ಊರಿನ ವೇಳೆಗೆ ಹೊಂದಿಕೊಳ್ಳುವ ಹೊತ್ತಿಗೆ ಪುಣೆಯ ಬಸ್ಸು ಹತ್ತಿರುತ್ತಾನೆ.

ಹಾಗೆಂದು ತಿರುಗುವ ಪಾಳಿ ಸುಖವೆಂದಲ್ಲ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೆ ತಿರುಗಿದರೆ ಮೈ ತಕ್ಕಮಟ್ಟಿಗೆ ಒಗ್ಗುತ್ತದೆ, ಏಕೆಂದರೆ ನಮ್ಮೊಳಗಿನ ಗಡಿಯಾರ 24 ತಾಸಿಗಿಂತ ತುಸು ನಿಧಾನ. ಹಿಂದಕ್ಕೆ ತಿರುಗಿದರೆ ಕಷ್ಟ. ಎಲ್ಲಕ್ಕಿಂತ ಕೆಟ್ಟದ್ದು ರಾತ್ರಿ ಹನ್ನೊಂದಕ್ಕೆ ಬಿಟ್ಟು ಮರುದಿನ ಬೆಳಿಗ್ಗೆ ಏಳಕ್ಕೆ ಮತ್ತೆ ಕರೆಯುವುದು. ಆ ಎಂಟು ತಾಸಿನಲ್ಲಿ ಕ್ಯಾಬು, ಊಟ, ಸ್ನಾನ ಕಳೆದರೆ ನಿದ್ದೆಗೆ ನಾಲ್ಕು ಉಳಿದರೆ ಪುಣ್ಯ. ಆಳು ಸಾಲದಾದಾಗ ರೋಸ್ಟರ್ ಹಾಕುವವರು ಮೊದಲು ಮುರಿಯುವುದು ಈ ಬಿಡುವನ್ನೇ, ನಾನೂ ಮುರಿದಿದ್ದೇನೆ.

"ಇಲ್ಲೇ ಇದ್ರ ಟೀಮ್ ಲೀಡರ್ ಆಗಬಹುದಲ್ಲ ಕಾಕಾ?"

ಆಗಬಹುದು. ಆದರೆ ರಾತ್ರಿಯ ತಂಡದ ಲೀಡರ್ ಕೂರುವುದೂ ರಾತ್ರಿಯೇ. ಕರೆಗಳ ಗುಣಮಟ್ಟ ನೋಡುವುದು, ಹೊಸಬರಿಗೆ ತರಬೇತಿ ಕೊಡುವುದು, ರೋಸ್ಟರ್ ವಿಭಾಗ, ಈಮೇಲ್ ಡೆಸ್ಕು: ಹಗಲಿಗೆ ಬರುವ ಬಾಗಿಲು ಇರುವುದು ಇಂಥಲ್ಲಿ. ನಿನ್ನ ಜೊತೆ ಸೇರಿದವರಲ್ಲಿ ಫೋನು ಬಿಟ್ಟು ಅತ್ತ ಹೋದವರೆಷ್ಟು ಎಂದೆ. ಬೆರಳು ಎಣಿಸತೊಡಗಿದ, ಒಂದಕ್ಕೇ ನಿಂತ. ಕನ್ನಡ-ಮರಾಠಿ ಡೆಸ್ಕಿನಲ್ಲಿ ಎರಡೂ ಭಾಷೆಯ ಕರೆ ಕೇಳಿ ಅಂಕ ಹಾಕಬಲ್ಲವರು ಸುಲಭಕ್ಕೆ ಸಿಗರು. ಅಲ್ಲಿ ಇವನ ಸರದಿ ಬೇಗ ಬಂದೀತೆಂಬುದು ನನ್ನ ಅಂದಾಜು.

ಹೊಸ ಕಂಪನಿಯವರಿಗೆ ಅಲ್ಲೇ ಮೆಸೇಜು ಹಾಕಿದ: ಎರಡು ಪಾಳಿಗಳ ನಡುವೆ ಎಷ್ಟು ತಾಸು ಬಿಡುವು? ಅವ್ವ ರೊಟ್ಟಿ ತಟ್ಟುವಷ್ಟರಲ್ಲಿ ಉತ್ತರ ಬಂತು: ರೋಸ್ಟರ್ ಪ್ರತಿ ಶುಕ್ರವಾರ ಕಳಿಸುತ್ತೇವೆ.

"ಇದು ಉತ್ತರ ಅಲ್ಲ," ಎಂದೆ. "ಹೋದ ತಿಂಗಳದ ರೋಸ್ಟರ್ ಕೇಳು."