ತಲೆಗೇರಿದ ಹಿಟ್ಟು

ಆಷಾಢದಲ್ಲಿ ಮೂಡಿಗೆರೆ, ಕಳಸದ ಕಡೆ ಮಳೆ ಹಿಡಿದರೆ ಉದ್ದ ಕೂದಲಿನವರಿಗೆ ತಲೆಸ್ನಾನವೇ ಒಂದು ಯೋಚನೆ. ಹಂಡೆಯಲ್ಲಿ ನೀರು ಕಾಯುತ್ತದೆ, ಸೀಗೆಪುಡಿಯೂ ಇರುತ್ತದೆ, ಕೂದಲು ಮಾತ್ರ ಆರುವುದಿಲ್ಲ. ಒಲೆಯ ಮುಂದೆ ಕೂತು ಎಷ್ಟು ಬಿಡಿಸಿದರೂ ಬುಡದಲ್ಲಿ ತೇವ ಉಳಿದು ಸಂಜೆಗೆ ಮುಗ್ಗಲು ವಾಸನೆ. ಕಾಲೇಜಿಗೆ, ಕಚೇರಿಗೆ ಹೋಗುವ ಹುಡುಗಿಯರ ಚೀಲದಲ್ಲಿ ಡ್ರೈ ಶಾಂಪೂ ಡಬ್ಬಿ ಜಾಗ ಹಿಡಿಯುವುದು ಇಂಥ ದಿನಗಳಲ್ಲೇ.

ಡಬ್ಬಿ ಹೊಸದು, ಒಳಗಿನ ಉಪಾಯ ಹಳೆಯದು. ಹದಿನೆಂಟನೆಯ ಶತಮಾನದ ಯೂರೋಪಿನ ಸಿರಿವಂತರು ಕೂದಲಿಗೆ ಜಿಡ್ಡಿನ ಲೇಪ ಹಚ್ಚಿ ಅದರ ಮೇಲೆ ಪಿಷ್ಟದ ಪುಡಿ ಉದುರಿಸಿಕೊಳ್ಳುತ್ತಿದ್ದರು. ಆ ಪುಡಿ ಹೆಚ್ಚಾಗಿ ಗೋಧಿಯದು. 1795ರಲ್ಲಿ ಬ್ರಿಟನ್ನಿನಲ್ಲಿ ಬೆಳೆ ಕೈಕೊಟ್ಟು ಬಡವರಿಗೆ ರೊಟ್ಟಿಯೇ ದುಬಾರಿಯಾಗಿತ್ತು. ಅದೇ ವರ್ಷ, ಫ್ರಾನ್ಸಿನ ಮೇಲಿನ ಯುದ್ಧಕ್ಕೆ ಹಣ ಹೊಂದಿಸುತ್ತಿದ್ದ ಪ್ರಧಾನಿ ವಿಲಿಯಂ ಪಿಟ್ ತಲೆಪುಡಿಗೆ ತೆರಿಗೆ ಹಾಕಿದ. ಪುಡಿ ಬಳಸಬೇಕಾದರೆ ವರ್ಷಕ್ಕೆ ಒಂದು ಗಿನಿ ಕಟ್ಟಿ ಪರವಾನಗಿ ಪಡೆಯಬೇಕು. ಪಿಟ್‌ನ ವಿರೋಧಿ ಬೆಡ್‌ಫರ್ಡ್ ಡ್ಯೂಕ್ ಮತ್ತು ಅವನ ಗೆಳೆಯರು ಕೂದಲನ್ನೇ ಕತ್ತರಿಸಿಕೊಂಡು ಪುಡಿಗೆ ವಿದಾಯ ಹೇಳಿದರು. ತೆರಿಗೆ 1869ರವರೆಗೂ ಕಾನೂನಿನಲ್ಲಿತ್ತು, ಪುಡಿಯ ಷೋಕಿ ಅದಕ್ಕೂ ಬಹಳ ಮೊದಲೇ ಮುಗಿದಿತ್ತು. ಡ್ರೈ ಶಾಂಪೂ ಆಗಿ ಪುಡಿ ಅಂಗಡಿಗೆ ಬಂದದ್ದು 1940ರ ದಶಕದ ಅಮೆರಿಕದಲ್ಲಿ, ಮಿನಿಪೂ ಎಂಬ ಪೊಟ್ಟಣವಾಗಿ. ಸ್ಪ್ರೇ ಡಬ್ಬಿಗಳ ಕಾಲ ಆಮೇಲಿನದು.

ಹಿಟ್ಟು ಹೊಟ್ಟೆಗೋ ತಲೆಗೋ ಎಂಬ ಪ್ರಶ್ನೆ ಮಲೆನಾಡಿಗೂ ಹತ್ತಿರದ್ದು. ಇಲ್ಲಿನ ಪಿಷ್ಟವೆಂದರೆ ಕೂವೆ ಹಿಟ್ಟು, ಅಂದರೆ ಆರೋರೂಟ್. ಚಳಿಗಾಲದಲ್ಲಿ ಗಿಡದ ಎಲೆ ಒಣಗಿದ ಮೇಲೆ ಗೆಡ್ಡೆ ಕಿತ್ತು, ತೊಳೆದು, ತುರಿದು, ನೀರಿನಲ್ಲಿ ಕಿವುಚಿ ಬಟ್ಟೆಯಲ್ಲಿ ಸೋಸುತ್ತಾರೆ. ರಾತ್ರಿಯಿಡೀ ಬಿಟ್ಟರೆ ಪಾತ್ರೆಯ ತಳದಲ್ಲಿ ಹಿಟ್ಟು ಗಟ್ಟಿಯಾಗಿ ಕೂರುತ್ತದೆ. ಮೇಲಿನ ಕಂದು ನೀರು ಚೆಲ್ಲಿ ಹೊಸ ನೀರು ಹಾಕಿ ಕದಡಬೇಕು. ನೀರು ತಿಳಿಯಾಗುವವರೆಗೆ ಇದೇ ಕೆಲಸ. ಬಿಸಿಲಿಗೆ ಒಣಗಿದ ಮೇಲೆ ಬೆರಳಲ್ಲಿ ಉಜ್ಜಿದರೆ ಕಿರ್ರೆನ್ನುತ್ತದೆ. ಮಗುವಿನ, ಕಾಯಿಲೆಯವರ ಗಂಜಿಗೆಂದು ಡಬ್ಬಿಯಲ್ಲಿ ಕಾದಿಡುತ್ತಿದ್ದ ಆ ಹಿಟ್ಟು ಮನೆಗಳಲ್ಲಿ ಅಪರೂಪವಾಗುತ್ತಿರುವುದು ಬೇಸರದ ಸಂಗತಿ. ಮನೆಯಲ್ಲೇ ಡ್ರೈ ಶಾಂಪೂ ಮಾಡಿಕೊಳ್ಳುವವರು ಇಂದು ಹುಡುಕುವುದೂ ಇದನ್ನೇ.

ಕೂವೆ ಹಿಟ್ಟು ಎಣ್ಣೆಯನ್ನು ಕರಗಿಸುವುದಿಲ್ಲ, ಹಿಡಿದಿಡುತ್ತದೆ. ನೆತ್ತಿಯ ಗ್ರಂಥಿಗಳು ಸ್ರವಿಸುವ ಜಿಡ್ಡು ಎಳೆಯಿಂದ ಎಳೆಗೆ ಹರಿದು ಕೂದಲನ್ನು ಅಂಟಿಸುತ್ತದೆ. ಪುಡಿ ಬಿದ್ದಾಗ ಆ ಜಿಡ್ಡು ಕಣಗಳ ಮೈಗೆ ಹತ್ತಿ, ಕಣಗಳ ನಡುವಿನ ಸಂದಿಗೆ ಇಳಿಯುತ್ತದೆ. ಕಣ ಸಣ್ಣದಾದಷ್ಟೂ ಎಣ್ಣೆ ಹಿಡಿಯುವ ಮೈ ಹೆಚ್ಚು. ಕಂಪನಿಗಳು ನವಿರಾದ ಅಕ್ಕಿ ಪಿಷ್ಟ, ಸಿಲಿಕಾ ಬಳಸುವುದು ಇದಕ್ಕೇ. ಗಿರಣಿಯ ಅಕ್ಕಿಹಿಟ್ಟು ತರಿ, ಬಿಳಿ ಕಲೆ ಉಳಿಸುತ್ತದೆ. ಆ ಕಲೆ ಮುಚ್ಚಲು ಕಾಫಿಪುಡಿ ಬೆರೆಸುವವರೂ ಇದ್ದಾರೆ. ಆದರೆ ಹುರಿದ ಕಾಫಿಯಲ್ಲಿ ಅದರದೇ ಎಣ್ಣೆ ಇದೆ, ದಿಂಬಿಗೆ ಕಂದು ಹತ್ತುತ್ತದೆ.

ಎಣ್ಣೆ ಹಿಡಿದ ಪುಡಿ ಬಾಚಣಿಗೆಯಲ್ಲಿ ಹೊರಬಂದರೆ ಮಾತ್ರ ಕೆಲಸ ಆದಂತೆ. ಬೆವರಿನ ಉಪ್ಪು, ಸತ್ತ ಚರ್ಮ, ಧೂಳು ಅಲ್ಲೇ ಇರುತ್ತವೆ; ಅವಕ್ಕೆ ನೀರೇ ಬೇಕು. ಆದ್ದರಿಂದ ಎರಡು ತಲೆಸ್ನಾನದ ನಡುವೆ ಪುಡಿ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಭಾನುವಾರ ಮಿಂದವರು ಮಂಗಳವಾರ ಪುಡಿ ಹಾಕಬಹುದು, ಬುಧವಾರ ಬೇಕೇಬೇಕೆನಿಸಿದರೆ ಇನ್ನೊಮ್ಮೆ. ಗುರುವಾರ ನೀರು ಹಾಕಿಕೊಳ್ಳಲೇಬೇಕು. ಅಂಗೈ ತುಂಬ ಕೊಬ್ಬರಿ ಎಣ್ಣೆ ಹಚ್ಚಿದ ತಲೆಗೆ ಇದು ಸಾಲದು, ಮುದ್ದೆಯಾಗುತ್ತದೆ. ಮಳೆಯಲ್ಲಿ ನೆನೆದ ಕೂದಲಿಗೂ ಬೇಡ, ತೇವಕ್ಕೆ ಪುಡಿ ಗಂಟುಗಟ್ಟಿ ಬುಡಕ್ಕೆ ಅಂಟುತ್ತದೆ. ಮಲೆನಾಡಿನಲ್ಲಿ ಹೆಚ್ಚು ಮಂದಿ ಎಡವುವುದು ಇಲ್ಲೇ.

ಸ್ಪ್ರೇ ಡಬ್ಬಿಯದು ಬೇರೆ ಎಚ್ಚರ. ಒಳಗೆ ಬ್ಯೂಟೇನ್, ಪ್ರೊಪೇನ್‌ನಂಥ ಹೊತ್ತಿಕೊಳ್ಳುವ ಅನಿಲ ಇರುತ್ತದೆ. ಬಚ್ಚಲೊಲೆಯ ಹತ್ತಿರ ಅದನ್ನು ಒತ್ತಲೇಬಾರದು. 2022ರಲ್ಲಿ ಯೂನಿಲಿವರ್ ಅಮೆರಿಕದಲ್ಲಿ ತನ್ನ ಕೆಲವು ಡ್ರೈ ಶಾಂಪೂಗಳನ್ನು ವಾಪಸ್ ಪಡೆದದ್ದು ಬೆಂಜೀನ್ ಬೆರಕೆಯ ಭಯಕ್ಕೆ, ಅದರ ಮೂಲ ಆ ಅನಿಲದಲ್ಲಿತ್ತು.

ಹಾಕುವ ಕ್ರಮ ಸುಲಭ. ಒಣಗೂದಲನ್ನು ಬೈತಲೆ ಬೈತಲೆಯಾಗಿ ಬಿಡಿಸಿ, ಬುಡಕ್ಕೆ ಒಂದು ಚಿಟಿಕೆ ಪುಡಿ ಉದುರಿಸಿ, ಎರಡು ನಿಮಿಷ ಬಿಟ್ಟು ಬೆರಳಿನಿಂದ ತಿಕ್ಕಬೇಕು. ಆಮೇಲೆ ಜಗಲಿಯಲ್ಲಿ ಹಳೇ ಪತ್ರಿಕೆ ಹಾಸಿ, ತಲೆ ಬಗ್ಗಿಸಿ, ಪುಡಿ ಬೀಳುವುದು ನಿಲ್ಲುವವರೆಗೆ ಬಾಚಬೇಕು. ಮರುದಿನ ನೆತ್ತಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದರೆ ಗೊತ್ತಾಗುತ್ತದೆ: ಉಗುರಿನಲ್ಲಿ ಬಿಳಿ ಮೇಣದಂಥದು ಬಂದರೆ ಪುಡಿ ಕೂತಿದೆ, ಅವತ್ತೇ ತಲೆಗೆ ನೀರು ಹಾಕಿ ಶಾಂಪೂ ಎರಡು ಸಲ ತಿಕ್ಕಿ ತೊಳೆಯಬೇಕು. ಹಳದಿ ಜಿಡ್ಡಿನ ಹೊಟ್ಟು, ನೋಯುವ ಗುಳ್ಳೆ ಕಂಡರೆ ಡಬ್ಬಿ ಪಕ್ಕಕ್ಕಿಟ್ಟು ಚರ್ಮವೈದ್ಯರ ಬಳಿ ಹೋಗಬೇಕು.