ಲಸಿಕೆ ಕೇಳುವ ಕಾಗದದಲ್ಲಿ ದನಗಳ ಲೆಕ್ಕವಿರಲಿ

ಪಶು ಆಸ್ಪತ್ರೆಗೆ ಹಳ್ಳಿಗಳಿಂದ ಬರುವ ಅರ್ಜಿಗಳಲ್ಲಿ ಎರಡು ಸಾಲಿನವೇ ಹೆಚ್ಚು. ‘ನಮ್ಮೂರಲ್ಲಿ ದನಗಳಿಗೆ ಕಾಲುಬಾಯಿ ಜ್ವರ ಬಂದಿದೆ, ದಯವಿಟ್ಟು ಬೇಗ ಲಸಿಕೆ ಶಿಬಿರ ಮಾಡಿಸಿಕೊಡಿ’ ಎಂದು ಬರೆದು, ಕೆಳಗೆ ಹತ್ತಾರು ಸಹಿ ಹಾಕಿರುತ್ತಾರೆ. ಬರೆದವರ ಸಂಕಟ ನಿಜವಾದದ್ದೇ. ಆದರೆ ಆ ಕಾಗದ ಎರಡು ಕಡೆ ಸೋಲುತ್ತದೆ. ರೋಗ ಬಂದ ಮೇಲೆ ಬರೆದದ್ದು ಎಂಬುದು ಒಂದು, ವೈದ್ಯಾಧಿಕಾರಿ ಎಷ್ಟು ಲಸಿಕೆ ತರಿಸಬೇಕೆಂದು ಅದರಲ್ಲಿ ಇಲ್ಲದಿರುವುದು ಇನ್ನೊಂದು.

ಮೊದಲನೆಯದೇ ದೊಡ್ಡ ತಪ್ಪು. ಕಾಲುಬಾಯಿ ಜ್ವರದ ವೈರಾಣು ದನದ ಮೈ ಹೊಕ್ಕ ಎರಡು ದಿನದಿಂದ ಎರಡು ವಾರದೊಳಗೆ ಯಾವಾಗ ಬೇಕಾದರೂ ಜೊಲ್ಲು ಸುರಿಯಲು ಶುರುವಾಗಬಹುದು. ಲಸಿಕೆ ಚುಚ್ಚಿದ ಮೇಲೆ ಮೈಯಲ್ಲಿ ಸಾಕಷ್ಟು ತಡೆಯುವ ಶಕ್ತಿ ಬರಲು ಸುಮಾರು ಎರಡು ವಾರ ಬೇಕು. ಆದ್ದರಿಂದ ರೋಗ ಕಾಲಿಟ್ಟ ಊರಿನಲ್ಲಿ ಇಂದು ಗಟ್ಟಿಮುಟ್ಟಾಗಿ ಕಾಣುವ ಹಸುವಿಗೆ ಲಸಿಕೆ ಹಾಕಿದರೂ, ವೈರಾಣು ಅದಾಗಲೇ ಒಳಗಿದ್ದರೆ ನಾಲ್ಕೇ ದಿನದಲ್ಲಿ ಬಾಯಿ ಹುಣ್ಣಾಗುತ್ತದೆ, ಗೊರಸಿನ ಸಂದಿ ಒಡೆಯುತ್ತದೆ. ಆಗ ಊರಿನಲ್ಲಿ ಹುಟ್ಟುವ ಮಾತು ಒಂದೇ: ‘ಸೂಜಿ ಹಾಕಿಸಿದ್ದಕ್ಕೇ ರೋಗ ಬಂತು.’ ಆ ಮಾತು ಹಬ್ಬಿದ ಊರಿನಲ್ಲಿ ಮುಂದಿನ ಸಲ ದನ ಕಟ್ಟಿ ನಿಲ್ಲಿಸುವವರೇ ಇರುವುದಿಲ್ಲ. ಇದೇ ಕಾರಣಕ್ಕೆ ರೋಗ ಕಂಡ ಊರಿನ ಸುತ್ತಲಿನ ಹಳ್ಳಿಗಳಿಗೆ ಮೊದಲು ಲಸಿಕೆ ಹಾಕಿ, ಹೊರಗಿನಿಂದ ಒಳಕ್ಕೆ ಬರುತ್ತಾರೆ. ‘ರೋಗ ಇರುವುದು ನಮ್ಮಲ್ಲಿ, ಪಕ್ಕದೂರಿಗೆ ಯಾಕೆ ಹೋದರು’ ಎಂದು ಸಿಟ್ಟಾಗುವುದು ಸಹಜ. ಆದರೆ ಅಲ್ಲಿ ಬೇಲಿ ಹಾಕುತ್ತಿದ್ದಾರೆ.

ಹಾಗಾದರೆ ಕಾಗದ ಬರೆಯುವುದು ಯಾವಾಗ? ಈ ಲಸಿಕೆಯ ರಕ್ಷಣೆ ಉಳಿಯುವುದು ಹೆಚ್ಚೂಕಡಿಮೆ ಆರು ತಿಂಗಳು. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ದನ, ಎಮ್ಮೆಗಳಿಗೆ ಆರು ತಿಂಗಳಿಗೊಮ್ಮೆ ಇದನ್ನು ಉಚಿತವಾಗಿ ಹಾಕುವುದು ಆ ಲೆಕ್ಕದಲ್ಲಿಯೇ. ಕಳೆದ ಲಸಿಕೆ ಬಿದ್ದು ಐದು ತಿಂಗಳಾದಾಗ ಕಾಗದ ಕೊಟ್ಟರೆ, ಆರನೆಯ ತಿಂಗಳ ಹೊತ್ತಿಗೆ ಸಿದ್ಧತೆಗೆ ಸಮಯ ಸಿಗುತ್ತದೆ.

ಇನ್ನು ಲೆಕ್ಕದ ಮಾತು. ಈ ಲಸಿಕೆ ಹಾಲಿನಂತೆ ಬೆಳ್ಳಗಿರುತ್ತದೆ, ಎಣ್ಣೆ ಬೆರೆಸಿ ಮಾಡಿದ್ದು. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಇಡಬೇಕು. ಬಿಸಿಲಿಗಿಟ್ಟರೆ ಕೆಡುತ್ತದೆ, ಮಂಜುಗಟ್ಟಿದರೂ ಕೆಡುತ್ತದೆ. ಒಂದು ದನಕ್ಕೆ 2 ಮಿ.ಲೀ. ಎಂದರೆ 100 ಮಿ.ಲೀ. ಬಾಟಲಿ ಐವತ್ತು ದನಕ್ಕಾಯಿತು. ಒಮ್ಮೆ ಸೂಜಿ ಚುಚ್ಚಿದ ಬಾಟಲಿಯನ್ನು ಅಂದೇ ಮುಗಿಸಬೇಕು, ನಾಳೆಗೆ ಎತ್ತಿಡುವಂತಿಲ್ಲ. ಹನ್ನೆರಡು ದನಕ್ಕಾಗಿ ಒಂದು ಬಾಟಲಿ ತೆರೆದರೆ ಉಳಿದ ಮೂವತ್ತೆಂಟು ದನಗಳ ಲಸಿಕೆ ಚೆಲ್ಲಿಹೋದಂತೆ. ಅಧಿಕಾರಿಗೆ ತಲೆ ಲೆಕ್ಕ ಬೇಕಾಗುವುದು ಇದಕ್ಕಾಗಿ.

ಹಾಗೆ ಲೆಕ್ಕವಿಟ್ಟು ಬರೆದ ಕಾಗದ ಹೇಗಿರಬಹುದು? ಒಂದು ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಮಾದರಿ ಇಲ್ಲಿದೆ.

‘ಇವರಿಗೆ, ಪಶು ವೈದ್ಯಾಧಿಕಾರಿಗಳು, ಪಶು ಚಿಕಿತ್ಸಾಲಯ.

ಮಾನ್ಯರೇ,

ವಿಷಯ: ನಮ್ಮ ಗ್ರಾಮದಲ್ಲಿ ಕಾಲುಬಾಯಿ ಜ್ವರದ ಲಸಿಕೆ ಶಿಬಿರ ನಡೆಸಿಕೊಡುವ ಬಗ್ಗೆ.

ನಮ್ಮೂರಿನ ರಾಸುಗಳಿಗೆ ಹಿಂದಿನ ಲಸಿಕೆ ಹಾಕಿದ್ದು ಮಾರ್ಚ್ ಎರಡನೇ ವಾರ. ಸೆಪ್ಟೆಂಬರ್ ಎರಡನೇ ವಾರಕ್ಕೆ ಆರು ತಿಂಗಳು ತುಂಬುತ್ತದೆ. ಸದ್ಯ ಊರಿನಲ್ಲಿ ಜೊಲ್ಲು, ಕುಂಟು, ಬಾಯಿಹುಣ್ಣು ಇರುವ ದನ ಒಂದೂ ಇಲ್ಲ.

ಮನೆಮನೆಗೆ ಹೋಗಿ ಎಣಿಸಿದ್ದೇವೆ. ಹಸು 131, ಎಮ್ಮೆ 38, ಎತ್ತು 29, ನಾಲ್ಕು ತಿಂಗಳು ದಾಟಿದ ಕರು 14, ಒಟ್ಟು 212. ಮೇಲಿನ ಕೇರಿಯಲ್ಲಿ 148, ಕೆಳಗಿನ ಕೇರಿಯಲ್ಲಿ 64. ಪಕ್ಕದ ತಾಂಡಾದ 35 ರಾಸುಗಳನ್ನೂ ಕೆಳಗಿನ ಕೇರಿಗೆ ಹೊಡೆದುಕೊಂಡು ಬರಲು ಅಲ್ಲಿನವರು ಒಪ್ಪಿದ್ದಾರೆ. ಇವಲ್ಲದೆ ತುಂಬುಗಬ್ಬದ ಹಸುಗಳು 9 ಇವೆ, ಅವುಗಳ ಬಗ್ಗೆ ತಾವೇ ನೋಡಿ ಹೇಳಬೇಕು. ಕಿವಿಯೋಲೆ ಇಲ್ಲದ ರಾಸುಗಳು 36.

ದನಗಳನ್ನು ಬೆಳಗ್ಗೆ ಒಂಬತ್ತಕ್ಕೆ ಮೇಯಲು ಬಿಡುತ್ತೇವೆ. ಆರು ಗಂಟೆಗೆ ಶುರುವಾಗುವಂತೆ ಎರಡು ದಿನ ಗೊತ್ತುಮಾಡಿದರೆ ಅನುಕೂಲ. ಡೈರಿ ಮುಂದೆ ನೆರಳು, ನೀರು, ದನ ಕಟ್ಟಲು ಗೂಟಗಳ ವ್ಯವಸ್ಥೆ ನಮ್ಮದು. ಹಿಡಿಯಲು ಆರು ಜನ ಇರುತ್ತೇವೆ.

ತಮ್ಮ ವಿಶ್ವಾಸಿಗಳು, ಗ್ರಾಮದ ರೈತರು.’

ಇದನ್ನು ಓದಿದ ವೈದ್ಯಾಧಿಕಾರಿ ಕೂತಲ್ಲೇ ಲೆಕ್ಕ ಹಾಕಬಹುದು. ಮೊದಲ ದಿನ ಮೇಲಿನ ಕೇರಿಯ 148ಕ್ಕೆ ಮೂರು ಬಾಟಲಿ. ಎರಡನೆಯ ದಿನ ಕೆಳಗಿನ ಕೇರಿಯ 64ಕ್ಕೆ ತಾಂಡಾದ 35 ಸೇರಿ 99, ಅದಕ್ಕೆ ಎರಡು ಬಾಟಲಿ. ಐದು ಬಾಟಲಿಯಲ್ಲಿ 247 ದನಗಳಾದವು, ಉಳಿಯುವುದು ಮೂರೇ ದನಗಳಷ್ಟು. ತಾಂಡಾದವರನ್ನು ಬಿಟ್ಟಿದ್ದರೂ ಎರಡನೆಯ ದಿನ ಎರಡು ಬಾಟಲಿಯೇ ಒಡೆಯಬೇಕಿತ್ತು. ಚಿಕಿತ್ಸಾಲಯದಲ್ಲಿ ದಾಸ್ತಾನು ಇಲ್ಲದಿದ್ದರೆ ತಾಲ್ಲೂಕಿನ ಸಹಾಯಕ ನಿರ್ದೇಶಕರಿಗೆ ಬೇಡಿಕೆ ಕಳಿಸಲು ಇದೇ ಕಾಗದ ಆಧಾರವಾಗುತ್ತದೆ. ಲಸಿಕೆಯ ಸುತ್ತುಗಳು ಸರ್ಕಾರದ ವೇಳಾಪಟ್ಟಿಯಂತೆ ನಡೆಯುವುದರಿಂದ ನೀವು ಕೇಳಿದ ದಿನವೇ ಸಿಗದೆ ಹೋಗಬಹುದು. ಕಾಗದದ ಇನ್ನೊಂದು ಪ್ರತಿಗೆ ಮೊಹರು, ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳಿ. ಮತ್ತೆ ಕೇಳಲು ಹೋದಾಗ ಅದು ಬೇಕಾಗುತ್ತದೆ.

ಕಿವಿಯೋಲೆಯ ಸಾಲು ಸಣ್ಣದಾಗಿ ಕಂಡರೂ ಮುಖ್ಯ. ಆ ಹಳದಿ ಬಿಲ್ಲೆಯ ಮೇಲಿನ ಹನ್ನೆರಡು ಅಂಕಿಯ ಹೆಸರಿನಲ್ಲಿಯೇ ಲಸಿಕೆ ದಾಖಲಾಗುತ್ತದೆ. ಓಲೆ ಇಲ್ಲದ ದನಕ್ಕೆ ಅಲ್ಲೇ ಓಲೆ ಹಾಕಿ ಆಮೇಲೆ ಲಸಿಕೆ ಹಾಕಬೇಕಾದ್ದರಿಂದ ಹೊತ್ತು ಹಿಡಿಯುತ್ತದೆ. 36 ಎಂದು ಮೊದಲೇ ತಿಳಿದಿದ್ದರೆ ಅಷ್ಟು ಓಲೆ ತರುತ್ತಾರೆ.

ಶಿಬಿರದ ದಿನ ಹಿಂಜರಿಯುವವರು ಇದ್ದೇ ಇರುತ್ತಾರೆ. ಅವರ ಹೆದರಿಕೆಯನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಲಸಿಕೆಯ ಮರುದಿನ ಕೆಲವು ಹಸುಗಳಿಗೆ ಮೈ ಬೆಚ್ಚಗಾಗುತ್ತದೆ, ಎರಡು ಮೂರು ದಿನ ಹಾಲು ಇಳಿಯುತ್ತದೆ, ಚುಚ್ಚಿದ ಜಾಗ ಗಂಟಾಗುತ್ತದೆ. ಹಾಲಿನ ದುಡ್ಡಿನಲ್ಲೇ ಸಂಸಾರ ನಡೆಸುವ ಮನೆಗೆ ಅದೂ ನಷ್ಟವೇ. ಇದನ್ನು ಮೊದಲೇ ಹೇಳಿಬಿಡಬೇಕು. ಜೊತೆಗೆ ರೋಗ ಬಂದರೆ ಏನಾಗುತ್ತದೆಂದೂ ಹೇಳಬೇಕು. ದೊಡ್ಡ ದನ ಹೆಚ್ಚಾಗಿ ಸಾಯುವುದಿಲ್ಲ, ಆದರೆ ಎಷ್ಟೋ ಹಸುಗಳು ಮೊದಲಿನ ಹಾಲಿಗೆ ಮರಳುವುದೇ ಇಲ್ಲ. ರೋಗ ಹತ್ತಿದ ತಾಯಿಯ ಹಾಲು ಕುಡಿದ ಎಳೆಗರು, ಬಾಯಲ್ಲಿ ಹುಣ್ಣು ಕಾಣಿಸುವ ಮೊದಲೇ ಹೃದಯ ಸೋತು ಬಿದ್ದುಹೋಗುತ್ತದೆ. 2013ರಲ್ಲಿ ಕರ್ನಾಟಕದಲ್ಲಿ ಈ ರೋಗ ಹಬ್ಬಿದಾಗ ಸಾವಿರಾರು ರಾಸುಗಳು ಸತ್ತದ್ದನ್ನು ಹೈನುಗಾರರು ಮರೆತಿಲ್ಲ.

ಶಿಬಿರ ಮುಗಿದ ಮೇಲೂ ಎರಡು ಕೆಲಸ ಉಳಿಯುತ್ತವೆ. ಮೊದಲ ಸಲ ಲಸಿಕೆ ಕಂಡ ಆ 14 ಕರುಗಳಿಗೆ ಒಂದು ತಿಂಗಳಿಗೆ ಇನ್ನೊಂದು ಡೋಸ್ ಬೇಕು. ಅದಿಲ್ಲದಿದ್ದರೆ ಮೊದಲನೆಯದು ಗಟ್ಟಿಯಾಗಿ ನಿಲ್ಲುವುದಿಲ್ಲ. ತುಂಬುಗಬ್ಬವೆಂದು ಬಿಟ್ಟ ಹಸುಗಳಿದ್ದರೆ ಅವು ಕರು ಹಾಕಿದ ಮೇಲೆ ಮತ್ತೆ ಹೇಳಿಕಳಿಸಬೇಕು.

ಇವತ್ತು ಸಂಜೆ ಡೈರಿಗೆ ಹಾಲು ಹಾಕಲು ಹೋದಾಗ, ನಿಮ್ಮೂರಿಗೆ ಕಳೆದ ಲಸಿಕೆ ಬಿದ್ದದ್ದು ಯಾವ ತಿಂಗಳು ಎಂದು ನಾಲ್ಕು ಜನರನ್ನು ಕೇಳಿ ನೋಡಿ. ಐದು ತಿಂಗಳು ಕಳೆದಿದ್ದರೆ ನಾಳೆಯೇ ಎಣಿಸಲು ಹೊರಡಿ.